ಆಯ್ಕೆಯಲ್ಲಿ ಯ, ವ ಕಂಡ ಕೂಡಲೇ ಆಗಮ ಅನ್ನಬೇಡಿ: ಸಂಧಿ ಗುರುತಿಸಿದ ನನ್ನ ಅನುಭವ

ವಿಜಯಪುರದಲ್ಲಿ ರೂಮು ಮಾಡಿಕೊಂಡು ಎಫ್‌ಡಿಎ, ಎಸ್‌ಡಿಎ ಪರೀಕ್ಷೆಗೆ ಓದುವಾಗ ಕನ್ನಡ ಪತ್ರಿಕೆಯ ಸಂಧಿ ಪ್ರಶ್ನೆಗಳನ್ನು ನಾವು ಗೆಳೆಯರು ಒಟ್ಟಿಗೆ ಕೂತು ಬಿಡಿಸುತ್ತಿದ್ದೆವು. ಲೋಪ, ಆಗಮ, ಆದೇಶದ ವ್ಯಾಖ್ಯೆ ಎಲ್ಲರಿಗೂ ಬಾಯಿಪಾಠ. ಆದರೂ ನಾಲ್ಕು ಆಯ್ಕೆ ಮುಂದೆ ಬಂದಾಗ ಜಗಳ ಶುರುವಾಗುತ್ತಿತ್ತು. ಜಾಸ್ತಿ ಜಗಳ ಆಗಿದ್ದು ಇಂಥ ಪ್ರಶ್ನೆಗೆ: ಆಗಮ ಸಂಧಿ ಯಾವುದು? ಜಾತ್ಯತೀತ, ಮೆಲ್ವಾತು, ಊರೂರು, ಮಗುವನ್ನು.

ನಾನು ಕೂಡಿದ ಪದವನ್ನು ನೋಡಿ ಉತ್ತರ ಹೇಳುವುದನ್ನೇ ಬಿಟ್ಟೆ. ಪ್ರತಿ ಆಯ್ಕೆಯ ಪಕ್ಕ ಪೆನ್ಸಿಲ್‌ನಲ್ಲಿ ಬಿಡಿಸಿ ಬರೆದು, ಮೊದಲ ಪದದ ಕೊನೆಯ ಸ್ವರದ ಕೆಳಗೆ ಗೆರೆ ಎಳೆಯುತ್ತಿದ್ದೆ. ಸಂಧಿ ಆದ ಮೇಲೆ ಆ ಸ್ವರ ಉಳಿದಿದೆಯೋ ಹೋಗಿದೆಯೋ? ಮೊದಲು ಕೇಳಿಕೊಳ್ಳುತ್ತಿದ್ದದ್ದು ಇದನ್ನೇ.

ಮಗುವನ್ನು ಅಂದರೆ ಮಗು + ಅನ್ನು. ‘ಗು’ವಿನಲ್ಲಿರುವ ಉಕಾರ ಹಾಗೇ ಇದೆ, ನಡುವೆ ವಕಾರ ಹೊಸದಾಗಿ ಬಂದು ಕೂತಿದೆ. ಇದೇ ಆಗಮ. ಜಾತ್ಯತೀತ ಅಂದರೆ ಜಾತಿ + ಅತೀತ. ಇಲ್ಲೂ ಯಕಾರ ಕಾಣುತ್ತದೆ, ಆದರೆ ‘ತಿ’ಯಲ್ಲಿದ್ದ ಇಕಾರ ಎಲ್ಲಿದೆ? ಅದು ಹೋಗಿ, ಅದರ ಜಾಗಕ್ಕೇ ಯಕಾರ ಬಂದಿದೆ. ಇದು ಸಂಸ್ಕೃತದ ಯಣ್ ಸಂಧಿ. ಗೆಳೆಯನೊಬ್ಬ ಒಪ್ಪಲೇ ಇಲ್ಲ. “ಇದರಾಗ ಯಕಾರ ಅದಲ್ಲೋ, ಮತ್ತ ಆಗಮ ಯಾಕಲ್ಲ?” ಅಂತ ಕೇಳಿದ. ‘ಮನೆಯನ್ನು’ ಬರೆದು ತೋರಿಸಿದೆ. ಅದರಲ್ಲಿ ಎಕಾರವೂ ಇದೆ, ಯಕಾರವೂ ಇದೆ. ಜಾತ್ಯತೀತದಲ್ಲಿ ಆಗಮ ಆಗಿದ್ದರೆ ‘ಜಾತಿಯತೀತ’ ಅಂತ ಇರಬೇಕಿತ್ತು, ಅಲ್ವಾ? ಆಗ ಒಪ್ಪಿದ.

ನಮ್ಮ ಕಡೆಯವರಿಗೆ ಇಲ್ಲಿ ಇನ್ನೊಂದು ತೊಡಕಿದೆ. ನಾವು ಮಾತಾಡುವಾಗ ‘ಮನ್ಯಾಗ’ ಅನ್ನುತ್ತೇವೆ. ಅದರಲ್ಲಿ ‘ನೆ’ಯ ಎಕಾರ ಕಿವಿಗೆ ಬೀಳುವುದೇ ಇಲ್ಲ. ಹಾಗಾಗಿ ಆಡುಮಾತಿನ ರೂಪ ಇಟ್ಟುಕೊಂಡು ಪರೀಕ್ಷೆಯಲ್ಲಿ ಲೆಕ್ಕ ಹಾಕಬಾರದು, ‘ಮನೆಯಲ್ಲಿ’ ಅಂತ ಪೂರ್ತಿ ಬರೆದುಕೊಂಡೇ ನೋಡಬೇಕು.

ಊರೂರು ಅಂದರೆ ಊರು + ಊರು. ದೀರ್ಘ ಕಂಡು ಸುಮ್ನೆ ಸವರ್ಣದೀರ್ಘ ಅಂದುಬಿಡುತ್ತಾರೆ. ಎರಡನೇ ಊರಿಗೆ ದೀರ್ಘ ಮೊದಲೇ ಇತ್ತು. ಎರಡೂ ಕನ್ನಡದ ಪದ. ಮೊದಲನೆಯದರ ಕೊನೆಯ ಉಕಾರ ಹೋಗಿದೆ, ಅರ್ಥ ಕೆಟ್ಟಿಲ್ಲ. ಆದ್ದರಿಂದ ಲೋಪ. ಈ ಅರ್ಥದ ಮಾತು ಮುಖ್ಯ. ಊರು + ಅನ್ನು ‘ಊರನ್ನು’ ಆಗುತ್ತದೆ, ಅರ್ಥ ಹಾಗೇ ಇರುತ್ತದೆ. ಗುರು + ಅನ್ನು ಕೂಡಿಸಿ ‘ಗುರನ್ನು’ ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಅದಕ್ಕೇ ಅಲ್ಲಿ ವಕಾರ ಬಂದು ‘ಗುರುವನ್ನು’ ಆಗುತ್ತದೆ.

ಉಳಿದದ್ದು ಮೆಲ್ವಾತು. ಇದರಲ್ಲೂ ವಕಾರ ಇದೆ. ಆದರೆ ಅದನ್ನು ತೆಗೆದರೆ ಮೆಲ್ + ಆತು, ಅರ್ಥವೇ ಇಲ್ಲ. ಎರಡನೇ ಪದ ‘ಮಾತು’. ಅದರ ಮಕಾರದ ಜಾಗಕ್ಕೆ ವಕಾರ ಬಂದಿದೆ, ಹೀಗಾಗಿ ಇದು ಆದೇಶ. ಆದೇಶ ಅಂದರೆ ಕ, ತ, ಪಗಳಿಗೆ ಗ, ದ, ಬ ಬರುವುದು ಅಂತಷ್ಟೇ ಓದಿಕೊಂಡವರು ಇಲ್ಲಿ ಸಿಕ್ಕಿಬೀಳುತ್ತಾರೆ. ಪ, ಬ, ಮಗಳಿಗೆ ವ ಬರುವುದೂ ಆದೇಶವೇ. ವಕಾರ ಕಂಡಾಗ ಅದನ್ನು ತೆಗೆದು ನೋಡುವುದು ನನಗೆ ರೂಢಿಯಾಯಿತು. ತೆಗೆದ ಮೇಲೂ ಎರಡೂ ಕಡೆ ಅರ್ಥ ಉಳಿದರೆ ಆಗಮ, ಎರಡನೇ ಪದದ ತಲೆಯೇ ಹೋದರೆ ಆದೇಶ.

ಗಕಾರಕ್ಕೂ ಇಂಥದೇ ಪರೀಕ್ಷೆ ಬೇಕು. ಮಳೆಗಾಲ ಮತ್ತು ವಾಗೀಶ ಎರಡರಲ್ಲೂ ಕಕಾರವೇ ಗಕಾರ ಆಗಿದೆ. ಮಳೆ + ಕಾಲದಲ್ಲಿ ಬದಲಾದದ್ದು ಎರಡನೇ ಪದದ ಮೊದಲ ಅಕ್ಷರ. ವಾಕ್ + ಈಶದಲ್ಲಿ ಬದಲಾದದ್ದು ಮೊದಲ ಪದದ ಕೊನೆಯ ಅಕ್ಷರ. ಮೊದಲನೆಯದು ಆದೇಶ, ಎರಡನೆಯದು ಸಂಸ್ಕೃತದ ಜಶ್ತ್ವ. ಜೊತೆಗೆ ಕಾಲ ಅಂತ ಇದ್ದಲ್ಲೆಲ್ಲ ಗಾಲ ಆಗಲೇಬೇಕು ಅಂತೇನಿಲ್ಲ. ಚಳಿಗಾಲ ಅನ್ನುತ್ತೇವೆ, ಆದರೆ ಬೇಸಿಗೆಕಾಲದಲ್ಲಿ ಕಕಾರ ಹಾಗೇ ಇದೆ. ಅದನ್ನು ಆದೇಶಕ್ಕೆ ಸೇರಿಸುವ ಹಾಗಿಲ್ಲ.

ಬಿಡಿಸುವುದರಲ್ಲೇ ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ. ಕಂಬನಿಯನ್ನು ಕಣ್ಣು + ಹನಿ ಅಂತ ಬಿಡಿಸಿದರೆ ಬಕಾರ ಎಲ್ಲಿಂದ ಬಂತು ಅನ್ನುವುದು ತಿಳಿಯುವುದಿಲ್ಲ. ಇಂದಿನ ಹನಿ ಹಳಗನ್ನಡದಲ್ಲಿ ಪನಿ. ಕಣ್ + ಪನಿ ಅಂತ ಬರೆದರೆ ಪಕಾರಕ್ಕೆ ಬಕಾರ ಬಂದದ್ದು ಕಣ್ಣಿಗೇ ಕಾಣುತ್ತದೆ. ಬೆಂಬತ್ತು ಕೂಡ ಹೀಗೇ, ಬೆನ್ + ಪತ್ತು. ಇಂಥ ಪದ ಬಂದಾಗ ಎರಡನೇ ಭಾಗದ ಹಕಾರವನ್ನು ಪಕಾರ ಮಾಡಿಕೊಂಡು ಒಮ್ಮೆ ಓದಿ ನೋಡುತ್ತಿದ್ದೆ.