ಮಳೆಗಾಲಕ್ಕೆ ಮೊದಲು ಕೇಸ್ ಶೀಟ್ ಸ್ಕ್ಯಾನ್ ಮಾಡಿ ಮುಗಿಸುವುದು ಹೇಗೆ?

ಜೂನ್ ಬಂತೆಂದರೆ ಕೊಡಗಿನ ಕ್ಲಿನಿಕ್‌ಗಳ ಕಪಾಟಿನಲ್ಲಿ ಹಳೇ ಕೇಸ್ ಶೀಟ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಪಿನ್ ಹಾಕಿದ ಜಾಗದಲ್ಲಿ ತುಕ್ಕು, ಮೂಲೆಯಲ್ಲಿ ಬೂಸ್ಟು. ಥಂಡಿ ಹಿಡಿದ ಕಾಗದ ಸ್ಕ್ಯಾನರ್‌ನಲ್ಲಿ ಎರಡೆರಡಾಗಿ ಒಳಗೆ ಹೋಗಿಬಿಡುತ್ತದೆ. ಅದಕ್ಕೇ ಈ ಕೆಲಸಕ್ಕೆ ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಒಣ ದಿನಗಳು ಒಳ್ಳೆಯವು.

ಮೊದಲು ನಂಬರ್, ಆಮೇಲೆ ಸ್ಕ್ಯಾನರ್

ಎಲ್ಲರೂ ರೋಗಿಯ ಹೆಸರಿನಲ್ಲೇ ಫೈಲ್ ಉಳಿಸಲು ಶುರು ಮಾಡುತ್ತಾರೆ. ನಮ್ಮಲ್ಲಿ ಅದು ನಡೆಯುವುದಿಲ್ಲ. ಒಂದೇ ಊರಿನಲ್ಲಿ ನಾಲ್ಕು ಜನ ಪೊನ್ನಪ್ಪ ಇರುತ್ತಾರೆ. ಒಬ್ಬರು ಮನೆ ಹೆಸರು ಮೊದಲು ಬರೆದರೆ ಇನ್ನೊಬ್ಬರು ಬರೆಯುವುದೇ ಇಲ್ಲ. ಮದುವೆಯಾದ ಮೇಲೆ ಹೆಣ್ಣುಮಕ್ಕಳ ಮನೆ ಹೆಸರೂ ಬದಲಾಗುತ್ತದೆ, ಅಲ್ವಾ? ಹಾಗಾಗಿ ಪ್ರತಿ ರೋಗಿಗೆ ಒಂದು ನಂಬರ್ ಕೊಡಿ: M00001, M00002, ಹೀಗೆ. ಮುಂದಿನ M ಸುಮ್ನೆ ಹಾಕಿದ್ದಲ್ಲ. ಬರೀ 00312 ಎಂದು ಎಕ್ಸೆಲ್‌ನಲ್ಲಿ ಹಾಕಿದರೆ ಅದು ಸೊನ್ನೆಗಳನ್ನು ತೆಗೆದು 312 ಮಾಡಿಬಿಡುತ್ತದೆ.

ಫೈಲ್ ಹೆಸರಿನಲ್ಲಿ ನಂಬರ್, ಆ ಹಾಳೆಯ ಮೊದಲ ತಾರೀಕು, ಕಾಗದದ ಬಗೆ, ಈ ಮೂರೇ ಇರಲಿ:

```
M00312_2009-06-14_OP.pdf
M00312_2017-08-02_ECG.pdf
```

ವರ್ಷ ಮೊದಲು ಬಂದರೆ ಫೈಲ್‌ಗಳು ತಾವಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ. ತಿಂಗಳು, ದಿನ ಗೊತ್ತಿಲ್ಲದಿದ್ದರೆ 2009-00-00 ಎಂದು ಹಾಕಿ, ಊಹೆ ಮಾಡಬೇಡಿ. OP, LAB, ECG, ಎಕ್ಸ್‌ರೇಗೆ XR, ಪತ್ರಗಳಿಗೆ LET, ಈ ಐದು ಬಗೆ ಸಾಕು. ಅವನ್ನು ಒಂದು ಚೀಟಿಯಲ್ಲಿ ಬರೆದು ಕಂಪ್ಯೂಟರ್ ಪಕ್ಕ ಅಂಟಿಸಿ. ರೋಗಿಯ ಹೆಸರು, ಕಾಯಿಲೆಯ ಹೆಸರು ಫೈಲ್ ಹೆಸರಿನಲ್ಲಿ ಬೇಡವೇ ಬೇಡ. ಸ್ಕ್ರೀನ್ ಮುಂದೆ ನಿಂತ ಯಾರಾದರೂ ಓದಿಬಿಡುತ್ತಾರೆ.

ಹಾಳೆ ಎಣಿಸಿ, ಪುಟ ಎಣಿಸಿ

ಪಿನ್ ತೆಗೆಯಿರಿ. ಥಂಡಿ ಹಾಳೆಗಳನ್ನು ರಾತ್ರಿಯಿಡೀ ಫ್ಯಾನ್ ಕೆಳಗೆ ಹರಡಿ. ಇಸ್ತ್ರಿ ಮಾತ್ರ ಹಾಕಬೇಡಿ. ಇಸಿಜಿಯ ನುಣುಪು ಕಾಗದಕ್ಕೆ ಬಿಸಿ ತಾಗಿದರೆ ಪೂರ್ತಿ ಕಪ್ಪಾಗುತ್ತದೆ. ಆ ಕಾಗದದ ಗೆರೆಗಳು ವರ್ಷ ಕಳೆದಂತೆ ಮಾಸುವುದರಿಂದ ಇಸಿಜಿಗಳನ್ನೇ ಎಲ್ಲಕ್ಕಿಂತ ಮೊದಲು ಗಾಜಿನ ಮೇಲಿಟ್ಟು ಸ್ಕ್ಯಾನ್ ಮಾಡಿ.

ಸೆಟ್ಟಿಂಗ್ 300 ಡಿಪಿಐ, ಕಲರ್, ಎರಡೂ ಬದಿ. ಬರೀ ಕಪ್ಪು-ಬಿಳುಪಿನಲ್ಲಿ ಪೆನ್ಸಿಲ್ ಬರಹ ಮಾಯವಾಗುತ್ತದೆ, ಕೆಂಪು ಶಾಯಿಯಲ್ಲಿ ಬರೆದ ಅಲರ್ಜಿ ಕಣ್ಣಿಗೆ ಬೀಳುವುದಿಲ್ಲ. ಖಾಲಿ ಪುಟ ತಾನೇ ತೆಗೆಯುವ ಸೌಲಭ್ಯ ಇದ್ದರೆ ಆಫ್ ಮಾಡಿ. ಆಗ ಲೆಕ್ಕ ಸುಲಭ: 6 ಹಾಳೆ ಹಾಕಿದರೆ 12 ಪುಟ ಬರಬೇಕು. 10 ಬಂದರೆ ಎಲ್ಲೋ ಒಂದು ಕಡೆ ಎರಡು ಹಾಳೆ ಜೊತೆಯಾಗಿ ಹೋಗಿವೆ. ಆಗಲೇ ಮತ್ತೆ ಸ್ಕ್ಯಾನ್ ಮಾಡಿ, ನಾಳೆಗೆ ಇಡಬೇಡಿ.

ಹುಡುಕುವ ಪಟ್ಟಿ

ಡಾಕ್ಟರ ಕೈಬರಹವನ್ನು ಕಂಪ್ಯೂಟರ್ ಸರಿಯಾಗಿ ಓದುತ್ತದೆ ಎಂದು ನಂಬಿಕೊಳ್ಳಬೇಡಿ. ಪಿಡಿಎಫ್ ಒಳಗೆ ಹುಡುಕಿದರೆ ಸಿಗುವುದಿಲ್ಲ, ಈ ಪಟ್ಟಿಯಿಂದಲೇ ಸಿಗಬೇಕು. ನಂಬರ್, ಹೆಸರು, ಮನೆ ಹೆಸರು, ತವರಿನ ಮನೆ ಹೆಸರು, ತಂದೆ ಅಥವಾ ಗಂಡನ ಹೆಸರು, ಹುಟ್ಟಿದ ವರ್ಷ, ಊರು ಅಥವಾ ತೋಟ, ಮೊಬೈಲ್ ಇಷ್ಟು ಕಾಲಂ ಇರಲಿ. ವಯಸ್ಸು ಬರೆಯಬೇಡಿ, ಅದು ಪ್ರತಿ ವರ್ಷ ತಪ್ಪಾಗುತ್ತದೆ. ಫೈಲ್‌ಗಳ ಹೆಸರು, ಪುಟದ ಲೆಕ್ಕ ಪಕ್ಕದ ಶೀಟ್‌ನಲ್ಲಿರಲಿ.

ಒಂದು ಉದಾಹರಣೆ ನೋಡಿ. ಬೊಳ್ಳಮ್ಮ ಅವರ 2009ರ ಕಾರ್ಡ್ ತವರಿನ ಹೆಸರಿನಲ್ಲಿದೆ, ನಂಬರ್ M00312. ಮದುವೆಯಾಗಿ 2017ರಲ್ಲಿ ಬಂದಾಗ ಹೊಸ ಮನೆ ಹೆಸರಿನಲ್ಲಿ ಹೊಸ ಕಾರ್ಡ್ ಆಗಿದೆ. ಸ್ಕ್ಯಾನ್ ಮಾಡುವವರಿಗೆ ಗೊತ್ತಾಗದೆ ಅದಕ್ಕೆ M01427 ಬಿದ್ದಿದೆ. ಪೆನ್ಸಿಲಿನ್ ಅಲರ್ಜಿ ಬರೆದಿರುವುದು ಹಳೇ ಕಾರ್ಡ್‌ನಲ್ಲಿ ಮಾತ್ರ. ಹೆಸರು ಮತ್ತು ಹುಟ್ಟಿದ ವರ್ಷದ ಪ್ರಕಾರ ಪಟ್ಟಿಯನ್ನು ಜೋಡಿಸಿದರೆ ಇಂಥ ಜೋಡಿಗಳು ಅಕ್ಕಪಕ್ಕ ಬರುತ್ತವೆ. ಆದರೂ ಪಟ್ಟಿ ನೋಡಿ ಒಂದು ಮಾಡಬೇಡಿ. ಮುಂದಿನ ಸಲ ಅವರು ಬಂದಾಗ ‘ಅಕ್ಕಾ, ನಿಮ್ಮ ತವರಿನ ಮನೆ ಹೆಸರೇನು?’ ಎಂದು ಕೇಳಿ. ಖಾತ್ರಿಯಾದ ಮೇಲೆ ಎಲ್ಲ ಫೈಲ್‌ಗಳನ್ನೂ M00312ಕ್ಕೆ ತನ್ನಿ. M01427ರ ಸಾಲನ್ನು ಅಳಿಸದೆ ‘M00312 ನೋಡಿ’ ಎಂದು ಬರೆಯಿರಿ. ಆ ನಂಬರ್ ಇನ್ಯಾರಿಗೂ ಹೋಗಬಾರದು.

ಕಾಗದವನ್ನು ಏನು ಮಾಡುವುದು?

ಪಾಸ್‌ವರ್ಡ್ ಹಾಕಿ ಲಾಕ್ ಮಾಡಿದ ಎರಡು ಹಾರ್ಡ್ ಡಿಸ್ಕ್‌ಗಳಲ್ಲಿ ಪ್ರತಿ ಇರಲಿ. ಒಂದು ಡಾಕ್ಟರ ಮನೆಯಲ್ಲಿರಲಿ, ವಾರಕ್ಕೊಮ್ಮೆ ಅದಲು ಬದಲು ಮಾಡಿ. ಕಾಗದವನ್ನು ಕೂಡಲೇ ಗುಜರಿಗೆ ಹಾಕಬೇಡಿ. ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಡಬೇಕೆಂದು ವೈದ್ಯರ ನಡತೆಯ 2002ರ ನಿಯಮಾವಳಿ ಹೇಳುತ್ತದೆ. ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಪೊಲೀಸ್ ಕೇಸ್ ಆಗಿರುವ ಗಾಯ, ಅಪಘಾತಗಳ ಮೂಲ ಹಾಳೆಯನ್ನು ಬೇರೆಯೇ ಇಟ್ಟು, ಕೇಸ್ ಮುಗಿಯುವವರೆಗೆ ಮುಟ್ಟಬೇಡಿ. ಉಳಿದದ್ದನ್ನು ಮುಚ್ಚಳ ಬಿಗಿಯಾಗಿರುವ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ನಂಬರ್ ಪ್ರಕಾರ ತುಂಬಿ, ಮೇಲೆ ‘M00001ರಿಂದ M00250’ ಎಂದು ಬರೆದು ನೆಲದಿಂದ ಎತ್ತರದಲ್ಲಿಡಿ.