ಪರದೇಶದವರಿಗೆ ಹಬ್ಬದ ಮನೆಯ ಬಗ್ಗೆ ಬರೆಯುವಾಗ

ದುಬೈ, ಮಸ್ಕತ್‌ನಲ್ಲಿರುವ ನಮ್ಮವರಿಗೆ ದೀಪಾವಳಿಯ ಕಾಗದ ಬರೆಯುವವರಿಗೆ ಒಂದು ಸಲಹೆ. "ಮನೆ ಚಂದ ಮಾಡಿದ್ದೆವು" ಅಂತ ಸುಮ್ನೆ ಬರೆದರೆ ಅವರಿಗೆ ಏನೂ ಕಾಣುವುದಿಲ್ಲ, ಅಲ್ವಾ? ಗೇಟಿನಿಂದ ಒಳಗೆ ನಡೆದು ಬಂದ ಹಾಗೆ ಬರೆಯಿರಿ. ಯಾರು, ಯಾವುದರಿಂದ ಮಾಡಿದರು ಅಂತಲೂ ಹೇಳಿ. ನಾನು ಹೀಗೆ ಬರೆದೆ:

"ಅಕ್ಕಾ, ಗೂಡುದೀಪ ಈ ಸಲ ಮಾವಿನ ಮರಕ್ಕಲ್ಲ, ಚಾವಡಿಯ ಎದುರಿಗೆ ಕಟ್ಟಿದೆವು. ಅಪ್ಪ ಬಿದಿರು ಸೀಳಿ ಕೊಟ್ಟರು, ಮಕ್ಕಳು ಕೆಂಪು ಕಾಗದ ಅಂಟಿಸಿದರು. ಬಾಲ ಒಂದು ಕಡೆ ಜಾಸ್ತಿ ಉದ್ದ ಆಗಿದೆ. ಬಚ್ಚಲಿನ ಹಂಡೆಗೆ ಅಮ್ಮ ಶೇಡಿಯಲ್ಲಿ ಗೆರೆ ಎಳೆದು, ಕುತ್ತಿಗೆಗೆ ಹಿಂಡ್ಲೆಕಾಯಿ ಬಳ್ಳಿ ಸುತ್ತಿದರು."

ಮೊದಲಿನ ಹಾಗೇ ಇರುವುದು ಯಾವುದು, ಜಾಗ ಬದಲಾದದ್ದು ಯಾವುದು ಎಂಬುದನ್ನು ಬಿಡಬೇಡಿ. ಅವರು ಮೊದಲು ಹುಡುಕುವುದು ಅದನ್ನೇ. ಫೋಟೋ ಇಡುವುದಾದರೆ ಅದರ ಹಿಂದೆಯೂ ಎರಡು ಸಾಲು ಬರೆಯಿರಿ.