ಎಂಆರ್‌ಐ ನಾರ್ಮಲ್ ಇದ್ದರೂ ಎಲ್‌ಪಿ ಮಾಡಿಸಿದೆ: ಒಂದು ಸೈಕೋಸಿಸ್ ಕೇಸಿನ ಅನುಭವ

ಎಂಆರ್‌ಐ ನಾರ್ಮಲ್ ಬಂದ ಮೇಲೂ ಎಲ್‌ಪಿ, ಅಂದರೆ ಬೆನ್ನಿಗೆ ಸೂಜಿ ಹಾಕಿ ಮೆದುಳಿನ ಸುತ್ತಲ ನೀರು ತೆಗೆಯುವ ಪರೀಕ್ಷೆ, ಬೇಕೇ ಬೇಕು ಅಂತ ನಾನು ಹಟ ಹಿಡಿದಾಗ ಯಾರೂ ಒಪ್ಪಲಿಲ್ಲ. "ಸೈಕೋಸಿಸ್ ಇದೆ, ಅದರ ಮೇಲೆ ಎನ್‌ಎಂಎಸ್ ಆಗಿದೆ. ಸುಮ್ನೆ ಯಾಕೆ ಚುಚ್ಚಿಸ್ತೀರಿ ಸರ್?" ಅಂದರು ಮೆಡಿಸಿನ್‌ನವರು. ಎನ್‌ಎಂಎಸ್ ಅಂದರೆ ಸೈಕೋಸಿಸ್ ಔಷಧಿಯಿಂದಲೇ ಮೈ ಸೆಟೆದು ಜ್ವರ ಏರುವ ತೊಂದರೆ. ನನ್ನ ಅನುಮಾನ ಇದ್ದದ್ದು ಎನ್‌ಎಂಡಿಎ ಎನ್ಸೆಫಲೈಟಿಸ್ ಮೇಲೆ, ಅಂದರೆ ದೇಹದ ಆಂಟಿಬಾಡಿಗಳೇ ಮೆದುಳಿನ ಎನ್‌ಎಂಡಿಎ ರಿಸೆಪ್ಟರ್ ಮೇಲೆ ದಾಳಿ ಮಾಡುವ ಕಾಯಿಲೆ. ಆ ಹುಡುಗಿ ಈಗ ಮತ್ತೆ ಕಾಲೇಜಿಗೆ ಹೋಗುತ್ತಿದ್ದಾಳೆ. ನಮ್ಮ ಪೀಜಿ ವಿದ್ಯಾರ್ಥಿಗಳು ಈ ಕೇಸನ್ನು ಪದೇ ಪದೇ ಕೇಳುವುದರಿಂದ ಬರೆದಿಡುತ್ತಿದ್ದೇನೆ.

ವಯಸ್ಸು ಇಪ್ಪತ್ತರ ಒಳಗೆ. ಅವಳಿಗಾಗಲಿ ಮನೆಯವರಿಗಾಗಲಿ ಹಿಂದೆ ಮಾನಸಿಕ ಕಾಯಿಲೆ ಇರಲಿಲ್ಲ. ಒಂದು ವಾರ ಜ್ವರ, ತಲೆನೋವು. ಆಮೇಲೆ ನಿದ್ದೆ ಹೋಯಿತು. ಹಾಸ್ಟೆಲ್ ಊಟಕ್ಕೆ ಏನೋ ಬೆರೆಸುತ್ತಾರೆ ಅಂದಳು, ಕಿವಿಯಲ್ಲಿ ಮಾತು ಕೇಳುತ್ತೆ ಅಂದಳು. ಮೂರ್ನಾಲ್ಕು ದಿನದಲ್ಲಿ ಪೂರಾ ಸೈಕೋಸಿಸ್. ಸ್ಕಿಜೋಫ್ರೀನಿಯಾದಲ್ಲಿ ಸಾಮಾನ್ಯವಾಗಿ ತಿಂಗಳುಗಟ್ಟಲೆ ಮೊದಲೇ ಓದು, ಸ್ನೇಹ ಎಲ್ಲ ಸವೆಯುತ್ತಾ ಬಂದಿರುತ್ತೆ. ಇವಳು ಹಿಂದಿನ ತಿಂಗಳು ಪರೀಕ್ಷೆ ಬರೆದು ಬಂದಿದ್ದಳು. ನನಗೆ ಮೊದಲು ಅನುಮಾನ ಬಂದಿದ್ದು ಈ ವೇಗದಿಂದ.

ನಮ್ಮಲ್ಲಿಗೆ ಬರುವ ಮೊದಲು ಸೈಕೋಸಿಸ್‌ಗೆ ಕೊಡುವ ಹ್ಯಾಲೋಪೆರಿಡಾಲ್ ಇಂಜೆಕ್ಷನ್ ಆಗಿತ್ತು. ಮೈ ಸೆಟೆದುಕೊಂಡಿತು, ಜ್ವರ ಏರಿತು, ಸ್ನಾಯುಗಳ ಹಾನಿ ತೋರಿಸುವ ಸಿಪಿಕೆ ಎರಡು ಸಾವಿರದ ಹತ್ತಿರ ಹೋಯಿತು. ಔಷಧಿ ನಿಲ್ಲಿಸಿದ ಮೇಲೆ ಸಿಪಿಕೆ ಇಳಿಯಿತು, ಹುಡುಗಿ ಮಾತ್ರ ಸುಧಾರಿಸಲಿಲ್ಲ. ಲೋರಾಜೆಪಾಮ್ 2 ಎಂಜಿ ಕೊಟ್ಟಾಗ ಎದ್ದು ಕೂತು ನೀರು ಕುಡಿದಳು, ಸಂಜೆಗೆ ಮತ್ತೆ ಅದೇ ಸ್ಥಿತಿ. "ಲೋರಾಜೆಪಾಮ್‌ಗೆ ಸ್ಪಂದಿಸಿದಳಲ್ಲ, ಹಾಗಾದರೆ ಇದು ಮಾನಸಿಕ ಕಾಯಿಲೆಯೇ" ಅನ್ನುವ ವಾದ ಸರಿಯಲ್ಲ. ಎನ್‌ಎಂಡಿಎ ಕೇಸಿನಲ್ಲಿ ಹೀಗೆ ಮಾತು, ಚಲನೆ ನಿಂತುಹೋಗುವ ಕೆಟಟೋನಿಯಾ ಕೂಡ ಅದಕ್ಕೆ ಸ್ವಲ್ಪ ಸ್ಪಂದಿಸುತ್ತೆ.

ಅವಳಮ್ಮ ಹೇಳಿದ ಮಾತು ನನಗೆ ದಾರಿ ತೋರಿಸಿತು: "ಡಾಕ್ಟ್ರೇ, ಕರೆದ್ರೆ ಮಾತಾಡಲ್ಲ, ಬಾಯಿ ಮಾತ್ರ ಸುಮ್ನೆ ಆಡ್ತಾನೇ ಇರುತ್ತೆ." ನೋಡಿದರೆ ತುಟಿ, ನಾಲಿಗೆ ಚಲಿಸುತ್ತಲೇ ಇದ್ದವು. ನಾಡಿ ಒಮ್ಮೆ 140, ಇನ್ನೊಮ್ಮೆ 50ರ ಹತ್ತಿರ. ಎನ್‌ಎಂಎಸ್ ಅಂತ ಹೇಳಿ ಇವೆಲ್ಲವನ್ನೂ ಮುಚ್ಚಲು ಆಗುವುದಿಲ್ಲ.

ಮಾತು ಕುಗ್ಗುವುದನ್ನು ಅಳೆಯಲು ನನ್ನದೇ ಒಂದು ರೂಢಿ ಇದೆ. ಮೊದಲ ಸಲ ಸೈಕೋಸಿಸ್ ಅಂತ ದಾಖಲಾದ ಎಲ್ಲರಿಗೂ ಒಂದು ನಿಮಿಷ ಪ್ರಾಣಿಗಳ ಹೆಸರು ಹೇಳಿಸಿ, ದಿನಾ ಬರೆದಿಡುತ್ತೇನೆ. ಹೆಚ್ಚಿನವರಲ್ಲಿ ಅಂಕಿ ಹೆಚ್ಚುಕಡಿಮೆ ಅಲ್ಲಲ್ಲೇ ಇರುತ್ತೆ. ಇವಳದು ಹತ್ತರ ಮೇಲಿದ್ದದ್ದು ಒಂದು ವಾರದೊಳಗೆ ಸೊನ್ನೆಗೆ ಬಂತು. ಇದು ಪುಸ್ತಕದ ಪರೀಕ್ಷೆಯಲ್ಲ, ಆದರೆ ಚಾರ್ಟ್ ನೋಡಿದ ಮೇಲೆ ನ್ಯೂರಾಲಜಿಯವರ ಧಾಟಿ ಬದಲಾಯಿತು.

ಮೆದುಳಿನ ವಿದ್ಯುತ್ ಅಲೆಗಳನ್ನು ನೋಡುವ ಇಇಜಿ ಮೊದಲ ಸಲ 'ಅಲುಗಾಟದ ಗೊಂದಲ' ಅಂತ ವಾಪಸ್ ಬಂತು. ಮತ್ತೆ ಉದ್ದಕ್ಕೆ ಮಾಡಿಸಿದೆ. ತಲೆಯಿಡೀ ನಿಧಾನದ ಡೆಲ್ಟಾ ಅಲೆಗಳು, ಅವುಗಳ ಮೇಲೆ ಸವಾರಿ ಮಾಡುವ ವೇಗದ ಬೀಟಾ. ಇದೇ ಡೆಲ್ಟಾ ಬ್ರಷ್. ಲೋರಾಜೆಪಾಮ್ ಕೂಡ ಬೀಟಾ ತರುತ್ತೆ, ನಿಜ. ಆದರೆ ನಾವು ಕೊಟ್ಟಷ್ಟು ಡೋಸು ಎಚ್ಚರವಾಗಿರುವ ಹುಡುಗಿಯಲ್ಲಿ ಇಷ್ಟು ಡೆಲ್ಟಾ ತರುವುದಿಲ್ಲ. ಡೆಲ್ಟಾ ಬ್ರಷ್ ಕಂಡೇ ಬಿಡಬೇಕು ಅಂತ ಕಾಯಬೇಡಿ, ಬಹಳಷ್ಟು ಜನರಲ್ಲಿ ಬರೀ ನಿಧಾನದ ಅಲೆಗಳೇ ಇರುತ್ತವೆ. ಎಂಆರ್‌ಐ ಅಂತೂ ಅರ್ಧಕ್ಕಿಂತ ಜಾಸ್ತಿ ರೋಗಿಗಳಲ್ಲಿ ನಾರ್ಮಲ್.

ಎಲ್‌ಪಿಗೆ ಮನೆಯವರನ್ನು ಒಪ್ಪಿಸಿದ್ದು ಹೇಗೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ರೌಂಡ್ಸ್‌ಗೆ ಬಂದು ನೋಡಿ ಕಲಿಯಿರಿ. ಎಲ್‌ಪಿಯಲ್ಲಿ ತೆಗೆದ ನೀರಿನಲ್ಲಿ, ಅಂದರೆ ಸಿಎಸ್‌ಎಫ್‌ನಲ್ಲಿ, ಮೂವತ್ತರ ಹತ್ತಿರ ಬಿಳಿ ಕಣಗಳು, ಎಲ್ಲ ಲಿಂಫೋಸೈಟು, ಸಕ್ಕರೆ ಸರಿ. ಉರಿಯೂತ ಇದೆ ಅಂತಾಯಿತು. ಹರ್ಪಿಸ್ ವೈರಸ್ ಹುಡುಕುವ ಎಚ್‌ಎಸ್‌ವಿ ಪಿಸಿಆರ್ ನೆಗೆಟಿವ್ ಬರುವವರೆಗೂ ಎಸೈಕ್ಲೊವಿರ್ ನಡೆಸಿದೆವು.

ಇಷ್ಟರಲ್ಲಿ ಬೇರೆ ಕಡೆ ಕಳಿಸಿದ್ದ ರಕ್ತದ ಆಂಟಿಬಾಡಿ ನೆಗೆಟಿವ್ ಬಂತು. ಮತ್ತೆ ಎಲ್ಲರೂ ನನ್ನ ಮುಖ ನೋಡಿದರು. ರಕ್ತದಲ್ಲಿ ನೂರಕ್ಕೆ ಸುಮಾರು 14 ಕೇಸು ತಪ್ಪಿಹೋಗುತ್ತವೆ. ಸಿಎಸ್‌ಎಫ್ ಕಳಿಸಿದೆ. ಹತ್ತು ಹನ್ನೆರಡು ಸಾವಿರ ಖರ್ಚು, ವರದಿಗೆ ಒಂದು ವಾರದ ಮೇಲೆ. ಈ ಕಾಯಿಲೆ ಗುರುತಿಸುವ 2016ರ ಗ್ರೌಸ್ ಮಾನದಂಡದ ಪ್ರಕಾರ ಆಂಟಿಬಾಡಿ ಇಲ್ಲದೆಯೂ 'ಪ್ರಾಬಬಲ್' ಅನ್ನಲು ನಮ್ಮ ಹತ್ತಿರ ಎಲ್ಲವೂ ಇತ್ತು. ಅದಕ್ಕೇ ಕಾಯದೆ ಮಿಥೈಲ್ ಪ್ರೆಡ್ನಿಸೊಲೋನ್ ಸ್ಟೀರಾಯ್ಡ್ ದಿನಕ್ಕೆ 1 ಗ್ರಾಂ, 5 ದಿನ ಕೊಟ್ಟೆವು. ವರದಿ ಪಾಸಿಟಿವ್ ಬಂತು.

ಮುಂದಿನ ಚಿಕಿತ್ಸೆ ಐವಿಐಜಿ, ಅಂದರೆ ರಕ್ತನಾಳಕ್ಕೆ ಕೊಡುವ ಇಮ್ಯುನೊಗ್ಲೋಬ್ಯುಲಿನ್, ಅಂದಾಗ ಅವರಪ್ಪ ಸುಮ್ಮನಾಗಿಬಿಟ್ಟರು. 50 ಕೆಜಿ ಹುಡುಗಿಗೆ ಒಟ್ಟು 100 ಗ್ರಾಂ, ಅಂದರೆ ಎರಡು ಲಕ್ಷದ ಹತ್ತಿರ. ಬದಲಿಗೆ ರಕ್ತದಿಂದ ಆಂಟಿಬಾಡಿ ತೆಗೆಯುವ ಪ್ಲಾಸ್ಮಾ ಎಕ್ಸ್‌ಚೇಂಜ್ ಮಾಡಿಸಿದೆವು, ಐದು ಸಲಕ್ಕೆ ಅದರ ಅರ್ಧವೂ ಆಗಲಿಲ್ಲ. ಬಿಪಿ, ನಾಡಿ ಏರಿಳಿಯುವ ರೋಗಿಗೆ ಅದನ್ನು ಐಸಿಯುನಲ್ಲೇ ಮಾಡಬೇಕು. ಈ ನಡುವೆ ಹೊಟ್ಟೆಯ ಸ್ಕ್ಯಾನ್‌ನಲ್ಲಿ 'ಮಾಮೂಲಿ ಸಿಸ್ಟ್' ಅಂದಿದ್ದು, ಪೆಲ್ವಿಸ್ ಎಂಆರ್‌ಐನಲ್ಲಿ ಅಂಡಾಶಯದ ಕೊಬ್ಬು ತುಂಬಿದ ಟೆರಟೋಮಾ ಗಡ್ಡೆ ಅಂತ ಗೊತ್ತಾಯಿತು. ಈ ಆಂಟಿಬಾಡಿಗಳನ್ನು ಹುಟ್ಟಿಸುವುದು ಹಲವು ಸಲ ಇಂಥ ಗಡ್ಡೆಯೇ. ಲ್ಯಾಪರೋಸ್ಕೋಪಿಯಲ್ಲಿ ತೆಗೆಸಿದೆವು.

ಚೇತರಿಸಿಕೊಳ್ಳುವಾಗ ಬಾಯಿ ಆಡುವುದು ಮೊದಲು ನಿಂತಿತು, ಆಮೇಲೆ ಮಾತು ಬಂತು. ಮಾತಿನ ಜೊತೆ ಅನುಮಾನ, ಕೂಗಾಟವೂ ವಾಪಸ್ ಬಂದವು. ಡ್ಯೂಟಿ ಪೀಜಿ ಗಾಬರಿಯಿಂದ ಮತ್ತೆ ಹ್ಯಾಲೋಪೆರಿಡಾಲ್ ಬರೆಯಲು ಹೊರಟಿದ್ದ. ತಡೆದೆ. ಈ ಕಾಯಿಲೆ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತೆ, ಸೈಕೋಸಿಸ್ ಮತ್ತೊಮ್ಮೆ ಕಾಣಬಹುದು. ಕ್ವೆಟಿಯಾಪಿನ್ ಸಣ್ಣ ಡೋಸು, ರಾತ್ರಿಗೆ ಲೋರಾಜೆಪಾಮ್, ಅಷ್ಟೇ. ಮೂರು ವಾರದಲ್ಲಿ ಅದೂ ಇಳಿಯಿತು.